ಮಣ್ಣಿನ ರಂಜಕವೂ ಪ್ರಮಾಣರೇಖೆಯೂ

ಕಾಫಿ ತೋಟದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದ ಬೆಳೆಗಾರರಿಗೆ ಕೆಲವು ದಿನಗಳ ನಂತರ ಒಂದು ವರದಿಯು ಬಂದು ತಲಪುತ್ತದೆ. ಅದರಲ್ಲಿ ರಂಜಕದ ಎದುರಿಗೆ ಒಂದು ಅಂಕಿಯೂ, ಅಂಕಿಯ ಮುಂದೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಮಾತುಗಳಲ್ಲಿ ಒಂದೂ ಬರೆದಿರುತ್ತವೆ. ಆ ವರ್ಷ ತೋಟಕ್ಕೆ ಎಷ್ಟು ಶಿಲಾರಂಜಕವನ್ನು ಕೊಳ್ಳಬೇಕೆಂಬುದು ಈ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆದರೆ ಪ್ರಯೋಗಶಾಲೆಯಲ್ಲಿರುವ ಯಂತ್ರವು ರಂಜಕವನ್ನು ಅಳೆಯುವುದಿಲ್ಲ. ಅದು ಅಳೆಯುವುದು ಬೆಳಕನ್ನು ಮಾತ್ರ. ಬೆಳಕಿನ ಅಂಕಿಯನ್ನು ರಂಜಕದ ಅಂಕಿಯನ್ನಾಗಿ ಮಾರ್ಪಡಿಸುವುದು ಪ್ರಯೋಗಶಾಲೆಯವರು ತಾವೇ ತಯಾರಿಸಿದ ಒಂದು ರೇಖೆ. ಇದಕ್ಕೆ ಪ್ರಮಾಣರೇಖೆಯೆಂದು ಹೆಸರು. ಈ ರೇಖೆಯನ್ನು ಹೇಗೆ ಎಳೆಯುತ್ತಾರೆ, ಅದು ಎಲ್ಲಿ ತಪ್ಪುತ್ತದೆ, ತಪ್ಪಿದುದನ್ನು ಹೇಗೆ ಕಂಡುಹಿಡಿಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೊಡಗಿನ ಮಣ್ಣಿಗೆ ತಕ್ಕ ಕ್ರಮ

ಕೊಡಗಿನಲ್ಲಿ ಮಳೆ ಬಹಳ. ವರ್ಷವರ್ಷವೂ ಸುರಿಯುವ ಮುಂಗಾರಿನ ನೀರು ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ತೋಟಗಳ ಕೆಂಪು ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಧಾತುಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣಿನಲ್ಲಿ ಒಟ್ಟು ರಂಜಕವು ಸಾಕಷ್ಟಿದ್ದರೂ ಗಿಡದ ಬೇರಿಗೆ ಸಿಕ್ಕುವುದು ಸ್ವಲ್ಪವೇ. ಹೀಗೆ ಸಿಕ್ಕಬಹುದಾದ ಭಾಗವನ್ನು ಲಭ್ಯ ರಂಜಕವೆನ್ನುತ್ತಾರೆ, ಅಳೆಯಬೇಕಾದದ್ದು ಇದನ್ನೇ.

ಹುಳಿ ಮಣ್ಣುಗಳಿಗೆ ಹೊಂದತಕ್ಕ ಕ್ರಮವೊಂದನ್ನು ಅಮೇರಿಕದ ಇಲ್ಲಿನಾಯ್ ಪ್ರಾಂತದ ಬ್ರೇ ಮತ್ತು ಕರ್ಟ್ಜ್ ಎಂಬ ಇಬ್ಬರು ವಿಜ್ಞಾನಿಗಳು 1945ರಲ್ಲಿ ಪ್ರಕಟಿಸಿದರು. ಅದರ ಮರುವರ್ಷ, ಎಂದರೆ 1946ರಲ್ಲಿ, ಕೊಡಗಿನ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವು ಸ್ಥಾಪಿತವಾಯಿತು. ಬ್ರೇ ಅವರ ಕ್ರಮವು ಹುಳಿ ಮಣ್ಣಿನ ಸೀಮೆಗಳಲ್ಲೆಲ್ಲ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಅಮೋನಿಯಮ್ ಫ್ಲೋರೈಡನ್ನೂ ಅತಿ ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಕೂಡಿಸಿದ ದ್ರಾವಣವನ್ನು ಉಪಯೋಗಿಸುತ್ತಾರೆ. ಫ್ಲೋರೈಡು ಅಲ್ಯೂಮಿನಿಯಮನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ ಅದರ ಹಿಡಿತದಲ್ಲಿದ್ದ ರಂಜಕವು ಬಿಡುಗಡೆಯಾಗಿ ದ್ರಾವಣಕ್ಕೆ ಬರುತ್ತದೆ. 5 ಗ್ರಾಂ ಒಣಮಣ್ಣಿಗೆ ಈ ದ್ರಾವಣವನ್ನು 50 ಮಿಲಿಲೀಟರ್ ಹಾಕಿ, 5 ನಿಮಿಷ ಕುಲುಕಿ, ಕೂಡಲೇ ಸೋಸುಕಾಗದದಲ್ಲಿ ಸೋಸಿಕೊಳ್ಳಬೇಕು. ಕುಲುಕುವ ಕಾಲವನ್ನು ಮನಬಂದಂತೆ ಹೆಚ್ಚಿಸಿದರೆ ಬರುವ ರಂಜಕವೂ ಬದಲಾಗುವುದರಿಂದ ಗಡಿಯಾರವನ್ನು ನೋಡಿಯೇ ಈ ಕೆಲಸವನ್ನು ಮಾಡತಕ್ಕದ್ದು.

ಸೋಸಿದ ತಿಳಿಯು ನೋಡುವುದಕ್ಕೆ ನೀರಿನಂತಿರುತ್ತದೆ. ಅದರಲ್ಲಿ ರಂಜಕವೆಷ್ಟಿದೆಯೆಂದು ಕಣ್ಣಿಗೆ ತೋರುವುದಿಲ್ಲ. ಆದುದರಿಂದ ಅದಕ್ಕೆ ಬಣ್ಣ ಬರಿಸಬೇಕು. ಅಮೋನಿಯಮ್ ಮಾಲಿಬ್ಡೇಟು, ಸ್ವಲ್ಪ ಆಂಟಿಮನಿಯ ಲವಣ, ಗಂಧಕಾಮ್ಲ ಮತ್ತು ಆಸ್ಕಾರ್ಬಿಕ್ ಆಮ್ಲ ಇವು ಕೂಡಿದ ದ್ರಾವಣವನ್ನು ಬೆರೆಸಿದರೆ ರಂಜಕವಿದ್ದಷ್ಟಕ್ಕೆ ತಕ್ಕಂತೆ ನೀಲಿ ಬಣ್ಣವು ಮೂಡುತ್ತದೆ. ಈ ಬಣ್ಣದ ಕ್ರಮವನ್ನು ಮರ್ಫಿ ಮತ್ತು ರೈಲಿ ಎಂಬುವರು 1962ರಲ್ಲಿ ಪ್ರಕಟಿಸಿದರು. ರಂಜಕವು ಕಡಿಮೆಯಿದ್ದರೆ ತೆಳುನೀಲಿ, ಹೆಚ್ಚಿದ್ದರೆ ಗಾಢನೀಲಿ. ಈ ನೀಲಿಯ ಮೂಲಕ 882 ನ್ಯಾನೋಮೀಟರ್ ತರಂಗದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ದ್ರಾವಣದಲ್ಲಿಯೇ ಉಳಿಯಿತೆಂಬುದನ್ನು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರವು ಒಂದು ಅಂಕಿಯಾಗಿ ತೋರಿಸುತ್ತದೆ. ಈ ಅಂಕಿಯನ್ನು ಹೀರಿಕೆ ಎಂದು ಕರೆಯೋಣ. ದ್ರಾವಣದಲ್ಲಿ ಪದಾರ್ಥವು ಇಮ್ಮಡಿಯಾದರೆ ಹೀರಿಕೆಯೂ ಇಮ್ಮಡಿಯಾಗುವುದೆಂಬ ನಿಯಮವನ್ನು ಜರ್ಮನಿಯ ಬೀರ್ ಎಂಬಾತನು 1852ರಲ್ಲಿ ತಿಳಿಸಿದನು. ದ್ರಾವಣವು ತೆಳುವಾಗಿರುವವರೆಗೆ ಮಾತ್ರ ಈ ನಿಯಮವು ಸಲ್ಲುತ್ತದೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು.

ಪ್ರಮಾಣ ದ್ರಾವಣಗಳು

ಅಂಗಡಿಯವನ ತಕ್ಕಡಿಗೆ ಸರಿಯಾದ ತೂಕದ ಬಟ್ಟುಗಳು ಹೇಗೋ, ಯಂತ್ರಕ್ಕೆ ಪ್ರಮಾಣ ದ್ರಾವಣಗಳು ಹಾಗೆ. ಎಷ್ಟು ರಂಜಕವಿದೆಯೆಂಬುದು ಮೊದಲೇ ಗೊತ್ತಿರುವ ಕೆಲವು ದ್ರಾವಣಗಳನ್ನು ತಯಾರಿಸಿ, ಅವುಗಳ ಹೀರಿಕೆಯನ್ನು ಗುರುತು ಹಾಕಿಕೊಂಡರೆ, ಗೊತ್ತಿಲ್ಲದ ದ್ರಾವಣವನ್ನು ಅವುಗಳೊಡನೆ ಹೋಲಿಸಬಹುದು.

ಶುದ್ಧವಾದ ಪೊಟಾಸಿಯಮ್ ಡೈಹೈಡ್ರೋಜನ್ ಫಾಸ್ಫೇಟನ್ನು ಒಣಗಿಸಿ, ಅದರಲ್ಲಿ 0.4394 ಗ್ರಾಂ ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಸರಿಯಾಗಿ 1 ಲೀಟರಿಗೆ ತುಂಬಿಸಿದರೆ, ಪ್ರತಿ ಮಿಲಿಲೀಟರಿನಲ್ಲಿ 100 ಮೈಕ್ರೋಗ್ರಾಂ ರಂಜಕವಿರುವ ಮೂಲ ದ್ರಾವಣವಾಗುತ್ತದೆ. ಇದರಲ್ಲಿ 50 ಮಿಲಿಲೀಟರನ್ನು ತೆಗೆದು ಪುನಃ 1 ಲೀಟರಿಗೆ ತುಂಬಿಸಿದರೆ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಇರುವ ಕೆಲಸದ ದ್ರಾವಣವು ಸಿದ್ಧವಾಯಿತು.

ಈಗ 25 ಮಿಲಿಲೀಟರಿನ ಆರು ಅಳತೆಯ ಕುಪ್ಪಿಗಳನ್ನು ಸಾಲಾಗಿಟ್ಟು, ಅವುಗಳಿಗೆ ಕ್ರಮವಾಗಿ ಕೆಲಸದ ದ್ರಾವಣದ 0, 1, 2, 3, 4 ಮತ್ತು 5 ಮಿಲಿಲೀಟರುಗಳನ್ನು ಪಿಪೆಟ್ಟಿನಿಂದ ಹಾಕಬೇಕು. ಆಮೇಲೆ ಪ್ರತಿಯೊಂದಕ್ಕೂ, ಮಣ್ಣಿಗೆ ತಗಲಿಸದ ಬ್ರೇ ದ್ರಾವಣವನ್ನು 5 ಮಿಲಿಲೀಟರಿನಂತೆ ಹಾಕಬೇಕು. ನಂತರ ಬೋರಿಕ್ ಆಮ್ಲದ ದ್ರಾವಣವನ್ನು 7.5 ಮಿಲಿಲೀಟರ್, ಬಣ್ಣ ಬರಿಸುವ ದ್ರಾವಣವನ್ನು 4 ಮಿಲಿಲೀಟರ್ ಹಾಕಿ, ನೀರಿನಿಂದ ಗೆರೆಯವರೆಗೆ ತುಂಬಿಸಿ ಅಲುಗಿಸಬೇಕು. ಮಣ್ಣಿನ ಮಾದರಿಯಾದರೆ ಬೇರೊಂದು ಕುಪ್ಪಿಗೆ ಸೋಸಿದ ತಿಳಿಯನ್ನೇ 5 ಮಿಲಿಲೀಟರ್ ಹಾಕಿ ಮಿಕ್ಕುದನ್ನೆಲ್ಲ ಹೀಗೆಯೇ ಮಾಡಬೇಕು. ಬಣ್ಣವು ಪೂರ್ಣವಾಗಿ ಬರುವುದಕ್ಕೆ ಹತ್ತು ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಅವಕಾಶ ಕೊಟ್ಟು, ಎಲ್ಲ ಕುಪ್ಪಿಗಳಿಗೂ ಒಂದೇ ಅವಧಿಯನ್ನು ಅನುಸರಿಸಿ ಅಂಕಿಗಳನ್ನು ಓದಬೇಕು.

ಮೊದಲನೆಯ ಕುಪ್ಪಿಗೆ ರಂಜಕವನ್ನು ಹಾಕಿಲ್ಲವಷ್ಟೆ. ಇದನ್ನು ಖಾಲಿ ದ್ರಾವಣವೆನ್ನುತ್ತಾರೆ. ಹಾಕಿಲ್ಲದಿದ್ದರೂ ಅದರ ಹೀರಿಕೆಯು ಸೊನ್ನೆಯಾಗಿರಬೇಕೆಂಬ ನಿಯಮವಿಲ್ಲ. ರಾಸಾಯನಿಕಗಳಲ್ಲಿರುವ ಅಲ್ಪಸ್ವಲ್ಪ ರಂಜಕ, ಮಾಲಿಬ್ಡೇಟಿನ ಸ್ವಂತ ಬಣ್ಣ, ಸಾಬೂನು ಪುಡಿಯಿಂದ ತೊಳೆದ ಗಾಜಿನಲ್ಲಿ ಉಳಿದುಕೊಂಡ ಫಾಸ್ಫೇಟು ಇವೆಲ್ಲ ಅದರಲ್ಲಿ ಕಾಣಿಸಿಕೊಳ್ಳುತ್ತವೆ.

ವಿವರಣೆಗೋಸ್ಕರ ಯಂತ್ರದ ಸೊನ್ನೆಯನ್ನು ಬಟ್ಟಿ ಇಳಿಸಿದ ನೀರಿನಿಂದ ಹೊಂದಿಸಿ ಓದಿದ ಒಂದು ಸಾಲಿನ ಅಂಕಿಗಳನ್ನು ಕೆಳಗಿನಂತೆ ಇಟ್ಟುಕೊಳ್ಳೋಣ. ಎಡಗಡೆಯಲ್ಲಿ ಕುಪ್ಪಿಯ ದ್ರಾವಣದಲ್ಲಿ ಪ್ರತಿ ಮಿಲಿಲೀಟರಿಗೆ ಇರುವ ರಂಜಕವನ್ನು ಮೈಕ್ರೋಗ್ರಾಂಗಳಲ್ಲಿಯೂ, ಬಲಗಡೆಯಲ್ಲಿ ಹೀರಿಕೆಯನ್ನೂ ಕೊಟ್ಟಿದೆ.

| ರಂಜಕ | ಹೀರಿಕೆ |
|---|---|
| 0 | 0.012 |
| 0.2 | 0.135 |
| 0.4 | 0.262 |
| 0.6 | 0.383 |
| 0.8 | 0.511 |
| 1.0 | 0.631 |

ರೇಖೆಯನ್ನು ಎಳೆಯುವ ಬಗೆ

ಈ ಆರು ಜೊತೆಗಳನ್ನು ಚೌಕುಳಿ ಕಾಗದದ ಮೇಲೆ ಚುಕ್ಕೆಗಳಾಗಿ ಇಟ್ಟರೆ ಅವು ಹೆಚ್ಚು ಕಡಿಮೆ ಒಂದೇ ನೇರದಲ್ಲಿ ಏರುತ್ತವೆ. ಆದರೆ ಸರಿಯಾಗಿ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಪಿಪೆಟ್ಟಿನ ತುದಿಯಲ್ಲಿ ನಿಂತ ಒಂದು ತೊಟ್ಟು, ಗೆರೆಗಿಂತ ಕೂದಲೆಳೆಯಷ್ಟು ಮೇಲೆ ತುಂಬಿದ ನೀರು, ಇಂಥ ಕಾರಣಗಳಿಂದ ಒಂದು ಚುಕ್ಕೆ ಸ್ವಲ್ಪ ಮೇಲಕ್ಕೂ ಇನ್ನೊಂದು ಸ್ವಲ್ಪ ಕೆಳಕ್ಕೂ ಸರಿಯುತ್ತದೆ. ಅಳತೆಪಟ್ಟಿಯನ್ನಿಟ್ಟು ಕಣ್ಣಂದಾಜಿನಿಂದ ಗೆರೆಯನ್ನು ಎಳೆದರೆ ಇಬ್ಬರು ಎರಡು ಗೆರೆಗಳನ್ನು ಎಳೆದಾರು. ಯಾರು ಮಾಡಿದರೂ ಒಂದೇ ಗೆರೆ ಬರುವಂತೆ ಲೆಕ್ಕದಿಂದ ನಿರ್ಣಯಿಸುವ ಕ್ರಮವನ್ನು ಫ್ರಾನ್ಸಿನ ಲೆಜಾಂಡ್ರ್ ಎಂಬ ಗಣಿತಜ್ಞನು 1805ರಲ್ಲಿ, ಧೂಮಕೇತುಗಳ ಮಾರ್ಗವನ್ನು ಗೊತ್ತುಮಾಡುವುದರ ಸಂಬಂಧವಾಗಿ ಪ್ರಕಟಿಸಿದನು. ಇದಕ್ಕೆ ಕನಿಷ್ಠ ವರ್ಗಗಳ ಕ್ರಮವೆಂದು ಹೆಸರು. ಹೀಗೆ ಸರಳರೇಖೆಯನ್ನು ಹೊಂದಿಸುವುದನ್ನು ಈಗಿನವರು ಲೀನಿಯರ್ ರಿಗ್ರೆಷನ್ ಎನ್ನುತ್ತಾರೆ.

ಇದರ ಸಾರಾಂಶವೇನೆಂದರೆ: ಪ್ರತಿಯೊಂದು ಚುಕ್ಕೆಯಿಂದ ಗೆರೆಯವರೆಗೆ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಇರುವ ದೂರವನ್ನು ಅಳೆದು, ಆ ದೂರಗಳ ವರ್ಗಗಳನ್ನು ಕೂಡಿಸಿದಾಗ ಮೊತ್ತವು ಯಾವ ಗೆರೆಗೆ ಅತ್ಯಂತ ಕಡಿಮೆಯಾಗುತ್ತದೆಯೋ ಅದೇ ಬೇಕಾದ ಗೆರೆ. ದೂರವನ್ನು ನೆಟ್ಟಗೆ ಅಳೆಯುವುದಕ್ಕೂ ಕಾರಣವುಂಟು. ಪ್ರಮಾಣ ದ್ರಾವಣಗಳ ರಂಜಕವು ತಿಳಿದದ್ದೆಂದೂ, ತಪ್ಪು ಇರುವುದು ಹೀರಿಕೆಯ ಅಂಕಿಯಲ್ಲೆಂದೂ ಇಲ್ಲಿ ಭಾವಿಸಿಕೊಂಡಿರುತ್ತದೆ. ಆದುದರಿಂದ ಮೂಲ ದ್ರಾವಣದ ತೂಕವೇ ತಪ್ಪಾದರೆ ಅದನ್ನು ಯಾವ ಲೆಕ್ಕವೂ ತಿದ್ದಲಾರದು.

ಲೆಕ್ಕವನ್ನು ಕೈಯಿಂದಲೇ ಮಾಡಬಹುದು. ರಂಜಕದ ಆರು ಅಂಕಿಗಳ ಸರಾಸರಿ 0.5, ಹೀರಿಕೆಯ ಸರಾಸರಿ 0.3223. ಪ್ರತಿ ರಂಜಕದ ಅಂಕಿಯಿಂದ 0.5ನ್ನು ಕಳೆದು, ಉಳಿದುದರ ವರ್ಗಗಳನ್ನು ಕೂಡಿಸಿದರೆ 0.70 ಆಗುತ್ತದೆ. ಅದೇ ಉಳಿಕೆಗಳನ್ನು ಅವುಗಳ ಎದುರಿನ ಹೀರಿಕೆಯಿಂದ ಗುಣಿಸಿ ಕೂಡಿಸಿದರೆ 0.4344 ಆಗುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.6206 ಬರುತ್ತದೆ. ರಂಜಕವು 1 ಮೈಕ್ರೋಗ್ರಾಂ ಹೆಚ್ಚಿದರೆ ಹೀರಿಕೆಯು ಇಷ್ಟು ಏರುತ್ತದೆಂದು ಇದರ ಅರ್ಥ. ಇದನ್ನು ರೇಖೆಯ ಏರಿಕೆಯೆನ್ನೋಣ. ಈ ಏರಿಕೆಯನ್ನು 0.5ರಿಂದ ಗುಣಿಸಿ ಹೀರಿಕೆಯ ಸರಾಸರಿಯಿಂದ ಕಳೆದರೆ 0.012 ಉಳಿಯುತ್ತದೆ. ರಂಜಕವು ಸೊನ್ನೆಯಾಗಿದ್ದಾಗ ರೇಖೆಯು ನಿಲ್ಲುವ ಎತ್ತರವಿದು. ಇದನ್ನು ತಳದ ಅಂಕಿಯೆನ್ನೋಣ.

ಗಣಕಯಂತ್ರದಲ್ಲಿ ರಂಜಕವನ್ನು ಮೊದಲನೆಯ ಕಂಬದಲ್ಲಿಯೂ ಹೀರಿಕೆಯನ್ನು ಎರಡನೆಯ ಕಂಬದಲ್ಲಿಯೂ ಎರಡನೆಯ ಸಾಲಿನಿಂದ ಏಳನೆಯ ಸಾಲಿನವರೆಗೆ ತುಂಬಿದ್ದರೆ, ಇವೇ ಎರಡು ಅಂಕಿಗಳನ್ನು ಹೀಗೆ ಪಡೆಯಬಹುದು:

```
=SLOPE(B2:B7,A2:A7)
=INTERCEPT(B2:B7,A2:A7)
```

ಹೀರಿಕೆಯ ಕಂಬವನ್ನು ಮೊದಲು ಬರೆಯಬೇಕೆಂಬುದನ್ನು ಮರೆಯಬಾರದು. ಎರಡನ್ನು ಅದಲುಬದಲು ಮಾಡಿದರೆ ಏರಿಕೆಯು 0.62ಕ್ಕೆ ಬದಲಾಗಿ 1.61 ಎಂದು ಬರುವುದರಿಂದ ತಪ್ಪನ್ನು ಒಡನೆಯೇ ಗುರುತಿಸಬಹುದು.

ಅಂಕಿಯಿಂದ ತೋಟಕ್ಕೆ

ಈಗ ಒಂದು ತೋಟದ ಮಣ್ಣಿನ ತಿಳಿಯು 0.060 ಹೀರಿಕೆಯನ್ನು ತೋರಿಸಿತೆಂದು ಭಾವಿಸೋಣ. ಮೊದಲು ತಳದ ಅಂಕಿಯನ್ನು ಕಳೆದು, ಆಮೇಲೆ ಏರಿಕೆಯಿಂದ ಭಾಗಿಸಬೇಕು:

```
(0.060 - 0.012) / 0.6206 = 0.0773
```

ಕುಪ್ಪಿಯ ದ್ರಾವಣದಲ್ಲಿ ಮಿಲಿಲೀಟರಿಗೆ 0.0773 ಮೈಕ್ರೋಗ್ರಾಂ ರಂಜಕವಿದೆಯೆಂದಾಯಿತು. ಸೋಸಿದ ತಿಳಿಯ 5 ಮಿಲಿಲೀಟರ್ 25 ಆಗಿ ಐದುಪಟ್ಟು ತೆಳುವಾಗಿದೆ. ಅದಕ್ಕೂ ಮುಂಚೆ 5 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಹಾಕಿದ್ದರಿಂದ ಹತ್ತುಪಟ್ಟು. ಎರಡೂ ಸೇರಿ ಐವತ್ತು. ಆದುದರಿಂದ ಒಂದು ಕಿಲೋಗ್ರಾಂ ಮಣ್ಣಿನಲ್ಲಿ 3.87 ಮಿಲಿಗ್ರಾಂ ಲಭ್ಯ ರಂಜಕವಿದೆ. ಎಕರೆಗೆ ಉಳುಮೆಯ ಆಳದ ಮಣ್ಣು 20 ಲಕ್ಷ ಪೌಂಡು ತೂಗುತ್ತದೆಂಬ ಹಳೆಯ ಲೆಕ್ಕದ ಪ್ರಕಾರ ಹೆಕ್ಟೇರಿಗೆ 22.4 ಲಕ್ಷ ಕಿಲೋಗ್ರಾಂ ಆಗುತ್ತದೆ. ಆದುದರಿಂದ 2.24ರಿಂದ ಗುಣಿಸಿದರೆ ಹೆಕ್ಟೇರಿಗೆ 8.7 ಕಿಲೋಗ್ರಾಂ ರಂಜಕವೆಂದು ಸಿದ್ಧಿಸುತ್ತದೆ.

ನಮ್ಮ ದೇಶದ ಮಣ್ಣು ಪರೀಕ್ಷೆಯಲ್ಲಿ ಸಾಮಾನ್ಯವಾಗಿ ರೂಢಿಯಲ್ಲಿರುವ ವಿಂಗಡಣೆಯಂತೆ ಹೆಕ್ಟೇರಿಗೆ 10 ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ಕಡಿಮೆಯೆಂದೂ, 10ರಿಂದ ಸುಮಾರು 25ರವರೆಗೆ ಮಧ್ಯಮವೆಂದೂ ಬರೆಯುತ್ತಾರೆ. ಬೆಳೆಗೆ ತಕ್ಕಂತೆ ಬೇರೆ ವಿಂಗಡಣೆಯಿದ್ದರೆ ಅದನ್ನೇ ಅನುಸರಿಸಬೇಕು. ಇಲ್ಲಿ ಉದಾಹರಣೆಗಾಗಿ ಸಾಮಾನ್ಯ ವಿಂಗಡಣೆಯನ್ನು ಇಟ್ಟುಕೊಂಡರೆ ಈ ತೋಟವು ಕಡಿಮೆ ಎಂಬ ವರ್ಗಕ್ಕೆ ಸೇರುತ್ತದೆ.

ಆರು ಕುಪ್ಪಿಗಳ ಶ್ರಮವೇಕೆ, ಒಂದೇ ಪ್ರಮಾಣ ದ್ರಾವಣವನ್ನು ಓದಿ ತ್ರೈರಾಶಿಕ ಮಾಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಹಾಗೆಯೇ ಮಾಡಿ ನೋಡೋಣ. 1.0 ಮೈಕ್ರೋಗ್ರಾಂ ಇರುವ ದ್ರಾವಣಕ್ಕೆ 0.631 ಹೀರಿಕೆಯಾದರೆ 0.060 ಹೀರಿಕೆಗೆ ಎಷ್ಟು? ಉತ್ತರ 0.0951. ಇದನ್ನು ಮೇಲಿನಂತೆಯೇ ಗುಣಿಸಿದರೆ ಹೆಕ್ಟೇರಿಗೆ 10.7 ಕಿಲೋಗ್ರಾಂ ಬರುತ್ತದೆ. ಅದೇ ಮಣ್ಣು, ಅದೇ ಯಂತ್ರ, ಅದೇ ಅಂಕಿ. ಆದರೆ ವರದಿಯಲ್ಲಿ ಕಡಿಮೆಯೆಂಬುದು ಹೋಗಿ ಮಧ್ಯಮವೆಂದಾಯಿತು. ಬೆಳೆಗಾರನು ಗೊಬ್ಬರವನ್ನು ಇಳಿಸುವನು, ಹಸಿದ ಗಿಡವು ಹಸಿದೇ ಉಳಿಯುವುದು. ರಾಸಾಯನಿಕಗಳ ಸ್ವಂತ ಹೀರಿಕೆಯಾದ 0.012ನ್ನು ಮಣ್ಣಿನ ರಂಜಕವೆಂದು ತ್ರೈರಾಶಿಕವು ಎಣಿಸಿಕೊಂಡದ್ದೇ ಈ ವ್ಯತ್ಯಾಸಕ್ಕೆ ಕಾರಣ. ರಂಜಕವು ಧಾರಾಳವಾಗಿರುವ ಮಣ್ಣಿನಲ್ಲಿ ಈ ತಪ್ಪು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಬಡ ಮಣ್ಣಿನಲ್ಲಿ ಅದೇ ದೊಡ್ಡದಾಗುತ್ತದೆ. ಯಂತ್ರದ ಸೊನ್ನೆಯನ್ನು ನೀರಿಗೆ ಬದಲಾಗಿ ಖಾಲಿ ದ್ರಾವಣದಿಂದಲೇ ಹೊಂದಿಸುವ ವಾಡಿಕೆಯೂ ಉಂಟು. ಹಾಗೆ ಮಾಡಿದಾಗ ತಳದ ಅಂಕಿಯು ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಆದರೂ ರೇಖೆಯನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸದೆ, ಲೆಕ್ಕವು ತೋರಿಸಿದ ತಳವನ್ನೇ ಉಪಯೋಗಿಸುವುದು ಒಳ್ಳೆಯದು. ಆ ಒಂದು ಖಾಲಿ ಕುಪ್ಪಿಯಲ್ಲಿಯೇ ಕೊಳೆಯಿದ್ದಿದ್ದರೆ ಅದು ಆಗ ತಾನಾಗಿ ಬೆಳಕಿಗೆ ಬರುತ್ತದೆ.

ರೇಖೆಯ ಮೇಲ್ತುದಿ

ರಂಜಕದ ಗೊಬ್ಬರವನ್ನು ಅನೇಕ ವರ್ಷ ಬಿಡದೆ ಹಾಕಿದ ತೋಟದ ಮಾದರಿಯು 0.905 ಹೀರಿಕೆಯನ್ನು ತೋರಿಸಿತೆಂದು ಇಟ್ಟುಕೊಳ್ಳೋಣ. ಇದು ಅತಿ ಗಾಢವಾದ ಪ್ರಮಾಣ ದ್ರಾವಣದ 0.631ಕ್ಕಿಂತ ಮೇಲಿದೆ. ರೇಖೆಯನ್ನು ಹಾಗೆಯೇ ಮುಂದಕ್ಕೆ ಎಳೆದು ಲೆಕ್ಕ ಮಾಡಿದರೆ ಕಿಲೋಗ್ರಾಂ ಮಣ್ಣಿಗೆ 71.9 ಮಿಲಿಗ್ರಾಂ ಎಂದು ಬರುತ್ತದೆ. ಆದರೆ ಆ ಎತ್ತರದಲ್ಲಿ ರೇಖೆಯು ನೇರವಾಗಿಯೇ ಇದೆಯೆಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ. ಬಣ್ಣ ಬರಿಸುವ ಮಾಲಿಬ್ಡೇಟು ಸಾಲದೆ ಹೋಗಬಹುದು; ಯಂತ್ರದೊಳಗೆ ದಾರಿತಪ್ಪಿ ನುಸುಳುವ ಬೆಳಕೂ ಗಾಢ ದ್ರಾವಣಗಳ ಅಂಕಿಯನ್ನು ತಗ್ಗಿಸುತ್ತದೆ. ಎರಡು ಕಾರಣಗಳಿಂದಲೂ ರೇಖೆಯು ಕೆಳಗಡೆಗೇ ಬಾಗುತ್ತದೆ.

ಇಂಥ ಸಂದರ್ಭದಲ್ಲಿ ತಿಳಿಯನ್ನು 5 ಮಿಲಿಲೀಟರಿಗೆ ಬದಲಾಗಿ 1 ಮಿಲಿಲೀಟರ್ ಮಾತ್ರ ತೆಗೆದುಕೊಂಡು, ಮಿಕ್ಕ 4 ಮಿಲಿಲೀಟರನ್ನು ಶುದ್ಧ ಬ್ರೇ ದ್ರಾವಣದಿಂದ ತುಂಬಿ, ಹೊಸದಾಗಿ ಬಣ್ಣ ಬರಿಸಬೇಕು. ಆಗ 0.206 ಬಂದಿತೆನ್ನೋಣ. ತಳವನ್ನು ಕಳೆದು ಏರಿಕೆಯಿಂದ ಭಾಗಿಸಿದರೆ 0.3126, ಈಗ ಐವತ್ತಕ್ಕೆ ಬದಲಾಗಿ ಇನ್ನೂರೈವತ್ತರಿಂದ ಗುಣಿಸಬೇಕಾದ್ದರಿಂದ 78.2 ಮಿಲಿಗ್ರಾಂ. ಮೊದಲಿನ ಲೆಕ್ಕವು ಆರು ಮಿಲಿಗ್ರಾಂಗಿಂತ ಹೆಚ್ಚಾಗಿ ಕಡಿಮೆ ತೋರಿಸಿತ್ತು. ಬಣ್ಣ ಬಂದ ಮೇಲೆ ಗಾಢನೀಲಿಗೆ ನೀರು ಬೆರೆಸಿ ತೆಳುಮಾಡುವುದು ಸರಿಯಲ್ಲ. ಬಣ್ಣವು ಮೂಡುವಾಗಲೇ ರಾಸಾಯನಿಕವು ಸಾಲದೆ ಹೋಗಿದ್ದರೆ ಆಮೇಲೆ ನೀರು ಹಾಕಿ ಪ್ರಯೋಜನವಿಲ್ಲ.

ನೇರವಾಗಿದ್ದೂ ಸುಳ್ಳಾಗಿರುವ ರೇಖೆ

ಗಣಕಯಂತ್ರವು ರೇಖೆಯ ಜೊತೆಗೆ R² ಎಂಬ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ಚುಕ್ಕೆಗಳು ಗೆರೆಗೆ ಎಷ್ಟು ಹತ್ತಿರವಾಗಿವೆಯೆಂಬುದನ್ನು ಇದು ತಿಳಿಸುತ್ತದೆ. ಎಲ್ಲವೂ ಗೆರೆಯ ಮೇಲೆಯೇ ಇದ್ದರೆ 1. ಮೇಲಿನ ಉದಾಹರಣೆಯಲ್ಲಿ ಅದು 0.9999. ಇದನ್ನು ನೋಡಿ ಫಲಿತಾಂಶವು ಸರಿಯೆಂದು ನಂಬುವುದು ವಾಡಿಕೆಯಾಗಿದೆ. ಆದರೆ R² ತಿಳಿಸುವುದು ಪ್ರಮಾಣ ದ್ರಾವಣಗಳು ತಮ್ಮತಮ್ಮೊಳಗೆ ಒಪ್ಪುತ್ತವೆಂಬುದನ್ನು ಮಾತ್ರ. ಮಣ್ಣಿನ ತಿಳಿಯು ಅವುಗಳಂತೆಯೇ ವರ್ತಿಸುತ್ತದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು.

ಬ್ರೇ ಕ್ರಮದಲ್ಲಿ ಈ ಅಪಾಯವು ವಿಶೇಷವಾಗಿದೆ. ಮಣ್ಣಿನಿಂದ ರಂಜಕವನ್ನು ಬಿಡಿಸಲು ನೆರವಾದ ಫ್ಲೋರೈಡೇ ಕುಪ್ಪಿಯಲ್ಲಿ ನೀಲಿ ಬಣ್ಣವು ಬರುವುದಕ್ಕೆ ಅಡ್ಡಿಯಾಗುತ್ತದೆ. ಬೋರಿಕ್ ಆಮ್ಲವನ್ನು ಹಾಕುವುದು ಈ ಫ್ಲೋರೈಡನ್ನು ಕಟ್ಟಿಹಾಕುವುದಕ್ಕೋಸ್ಕರವೇ. ಒಬ್ಬ ಸಹಾಯಕನು ಪ್ರಮಾಣ ದ್ರಾವಣಗಳನ್ನು ಬ್ರೇ ದ್ರಾವಣವಿಲ್ಲದೆ ಬರಿಯ ನೀರಿನಲ್ಲಿ ತಯಾರಿಸಿ, ಬೋರಿಕ್ ಆಮ್ಲವನ್ನೂ ಎಲ್ಲ ಕುಪ್ಪಿಗಳಲ್ಲಿ ಬಿಟ್ಟನೆಂದು ಭಾವಿಸೋಣ. ಆತನ ಪ್ರಮಾಣರೇಖೆಯು ಬಿಲ್ಲಿನ ಹೆದೆಯಂತೆ ನೇರವಾಗಿಯೇ ಬರುತ್ತದೆ. ಆದರೆ ಫ್ಲೋರೈಡು ಇರುವ ಮಣ್ಣಿನ ಮಾದರಿಗಳು ಮಾತ್ರ ಇರಬೇಕಾದುದಕ್ಕಿಂತ ತೆಳುವಾದ ನೀಲಿಯನ್ನು ತೋರಿಸುತ್ತವೆ. ವರದಿಗಳೆಲ್ಲವೂ ಒಂದೇ ಸಮನಾಗಿ ಕಡಿಮೆಯಾಗುತ್ತವೆ.

ಇದನ್ನು ಕಂಡುಹಿಡಿಯುವ ಉಪಾಯವು ಸುಲಭವಾಗಿದೆ. ಒಂದೇ ಮಣ್ಣಿನ ತಿಳಿಯನ್ನು ಎರಡು ಕುಪ್ಪಿಗಳಿಗೆ 5 ಮಿಲಿಲೀಟರಿನಂತೆ ಹಾಕಿ, ಎರಡನೆಯದಕ್ಕೆ ಕೆಲಸದ ದ್ರಾವಣವನ್ನು 2 ಮಿಲಿಲೀಟರ್ ಹೆಚ್ಚಾಗಿ ಸೇರಿಸಬೇಕು. ಇದರಿಂದ ಆ ಕುಪ್ಪಿಯಲ್ಲಿ ಮಿಲಿಲೀಟರಿಗೆ 0.4 ಮೈಕ್ರೋಗ್ರಾಂ ಹೆಚ್ಚುತ್ತದೆ. ರೇಖೆಯು ನಿಜವಾದರೆ ಹೀರಿಕೆಯು 0.4 ಗುಣಿಸು 0.6206, ಎಂದರೆ 0.248 ಏರಬೇಕು. 0.060 ಇದ್ದದ್ದು 0.306 ಆದರೆ ಏರಿದ್ದು 0.246, ಸೇರಿಸಿದುದರಲ್ಲಿ ನೂರಕ್ಕೆ 99 ಪಾಲು ಮರಳಿ ಸಿಕ್ಕಿತು, ಚಿಂತೆಯಿಲ್ಲ. ಏರಿದ್ದು 0.211 ಮಾತ್ರವಾದರೆ ನೂರಕ್ಕೆ 85 ಪಾಲು ಮಾತ್ರ ಸಿಕ್ಕಿತು. ಆಗ ನಿಜವಾಗಿ ಹೆಕ್ಟೇರಿಗೆ 11 ಕಿಲೋಗ್ರಾಂ ಇರುವ ತೋಟವೂ 9.4 ಎಂದು ಕಾಣಿಸಿಕೊಂಡು ಕಡಿಮೆ ಎಂಬ ವರ್ಗಕ್ಕೆ ಇಳಿಯುತ್ತದೆ. ಬೆಳೆಗಾರನು ಬೇಡದ ಗೊಬ್ಬರಕ್ಕೆ ಹಣ ತೆರುತ್ತಾನೆ. ಪ್ರತಿ ತಂಡದಲ್ಲಿಯೂ ಒಂದೆರಡು ಮಾದರಿಗಳನ್ನು ಹೀಗೆ ಪರೀಕ್ಷಿಸಿದರೆ R² ಮುಚ್ಚಿಡುವುದನ್ನು ಇದು ತೆರೆದು ತೋರಿಸುತ್ತದೆ.

ರೇಖೆಯ ಬಾಗನ್ನೂ R² ಒಂದರಿಂದಲೇ ತಿಳಿಯಲಾಗದು. ಅದಕ್ಕೆ ಪ್ರತಿಯೊಂದು ಚುಕ್ಕೆಯು ಗೆರೆಯಿಂದ ಎಷ್ಟು ಸರಿದಿದೆಯೆಂದು ಬರೆದು ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಎರಡನೆಯ ಕುಪ್ಪಿಯಿಂದ ಆರನೆಯದರವರೆಗೆ ಸರಿತವು ಸಾವಿರದಲ್ಲಿ 1.2 ಕೆಳಕ್ಕೆ, 1.7 ಮೇಲಕ್ಕೆ, 1.4 ಕೆಳಕ್ಕೆ, 2.5 ಮೇಲಕ್ಕೆ, 1.6 ಕೆಳಕ್ಕೆ, ಹೀಗೆ ಹೆಣೆದುಕೊಂಡಿದೆ. ಮೊದಲನೆಯ ಕುಪ್ಪಿಯು ಗೆರೆಯ ಮೇಲೆಯೇ ಇದೆ. ಇದು ಕೈಯ ಸಹಜವಾದ ಸಣ್ಣ ತಪ್ಪು. ಇದಕ್ಕೆ ಬದಲಾಗಿ ಎರಡು ತುದಿಗಳ ಚುಕ್ಕೆಗಳು ಕೆಳಗೂ ನಡುವಿನವು ಎಲ್ಲವೂ ಮೇಲೂ ಇದ್ದರೆ ರೇಖೆಯು ಬಾಗಿದೆಯೆಂದು ತಿಳಿದು, ಮೇಲ್ತುದಿಯ ದ್ರಾವಣವನ್ನು ಬಿಟ್ಟು ಸಣ್ಣ ಅಂತರದಲ್ಲಿ ಕೆಲಸ ಮಾಡಬೇಕು. ಒಂದೇ ಒಂದು ಚುಕ್ಕೆ ಬಹಳ ದೂರ ಸರಿದಿದ್ದರೆ ಆ ಕುಪ್ಪಿಯನ್ನು ಮತ್ತೊಮ್ಮೆ ತಯಾರಿಸಬೇಕೇ ಹೊರತು, ಗೆರೆ ಚೆನ್ನಾಗಿ ಕಾಣಲೆಂದು ಅದನ್ನು ಅಳಿಸಿಬಿಡಬಾರದು.

ಒಂದು ದಿನದ ರೇಖೆ

ಬೆಳಗ್ಗೆ ಎಳೆದ ರೇಖೆಯು ಸಂಜೆಯವರೆಗೂ ಹಾಗೆಯೇ ಇರುವುದೆಂದು ಹೇಳಲಾಗದು. ಆಸ್ಕಾರ್ಬಿಕ್ ಆಮ್ಲವು ಬೇಗ ಕೆಡುವ ಪದಾರ್ಥ. ಅದನ್ನು ಆಯಾ ದಿನವೇ ಬೆರೆಸಿಕೊಳ್ಳಬೇಕು. ದೀಪವು ಬಿಸಿಯಾದಂತೆ ಯಂತ್ರದ ಅಂಕಿಯೂ ಸ್ವಲ್ಪ ಸರಿಯುವುದುಂಟು. ಆದಕಾರಣ ಹತ್ತು ಮಾದರಿಗಳಿಗೊಮ್ಮೆ 0.4 ಮೈಕ್ರೋಗ್ರಾಮಿನ ಪ್ರಮಾಣ ದ್ರಾವಣವನ್ನು ಮತ್ತೆ ಓದುವುದು ಒಳ್ಳೆಯ ರೂಢಿ. ರೇಖೆಯ ಪ್ರಕಾರ ಅದು 0.260ರ ಆಸುಪಾಸಿನಲ್ಲಿರಬೇಕು. ನೂರಕ್ಕೆ ಐದಕ್ಕಿಂತ ಹೆಚ್ಚಾಗಿ, ಎಂದರೆ 0.247ಕ್ಕೆ ಕೆಳಗೋ 0.273ಕ್ಕೆ ಮೇಲೋ ಹೋದರೆ, ಹಿಂದಿನ ಹತ್ತು ಮಾದರಿಗಳನ್ನು ತಡೆಹಿಡಿದು ಹೊಸ ರೇಖೆಯನ್ನು ಎಳೆಯಬೇಕು. ಕಳೆದ ವಾರದ ರೇಖೆಯನ್ನು ಈ ವಾರದ ಮಣ್ಣಿಗೆ ಉಪಯೋಗಿಸುವುದಂತೂ ಸಲ್ಲದು.

ಎಲ್ಲವೂ ಕ್ರಮವಾಗಿ ನಡೆದರೂ ರೇಖೆಯಿಂದ ಬಂದ ಅಂಕಿಗೆ ಒಂದು ಅಂಚು ಇದ್ದೇ ಇರುತ್ತದೆ. ಮೇಲಿನ ಆರು ಚುಕ್ಕೆಗಳ ಸರಿತದಿಂದ ಲೆಕ್ಕ ಹಾಕಿದರೆ ಮೊದಲನೆಯ ತೋಟದ 8.7 ಕಿಲೋಗ್ರಾಂಗೆ ಆಚೆ ಈಚೆ ಸುಮಾರು 1.2 ಕಿಲೋಗ್ರಾಂ ಅನಿಶ್ಚಯವಿದೆ. ನಿಜವಾದ ಅಂಕಿಯು ಬಹುಮಟ್ಟಿಗೆ 7.5ಕ್ಕೂ 9.9ಕ್ಕೂ ನಡುವೆ ಇರುತ್ತದೆಂದು ಇದರ ಅರ್ಥ. ಆದ್ದರಿಂದ ಕಡಿಮೆ ಎಂಬ ಮಾತು ನಿಲ್ಲುತ್ತದೆ. ಅದೇ 9.6 ಎಂದು ಬಂದಿದ್ದರೆ ಕಡಿಮೆಯೋ ಮಧ್ಯಮವೋ ಎಂಬುದನ್ನು ಆ ಒಂದು ಓದಿನಿಂದ ನಿರ್ಧರಿಸಲಾಗದು. ಮಾದರಿಯನ್ನು ಪುನಃ ಪರೀಕ್ಷಿಸಬೇಕು. ಈ ಅಂಚು ಪ್ರಯೋಗಶಾಲೆಯ ಪಾಲಿನದು ಮಾತ್ರ. ಗೊಬ್ಬರ ಬಿದ್ದ ಗಿಡದ ಬುಡದಿಂದಲೇ ಒಂದು ಹಿಡಿ ಮಣ್ಣನ್ನು ಕಿತ್ತು ಇಡೀ ತೋಟದ ಮಾದರಿಯೆಂದು ಕಳುಹಿಸಿದರೆ ಅದರ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದಾಗಿರುತ್ತದೆ.

ವರದಿಯನ್ನು ಕೈಗೆ ತೆಗೆದುಕೊಂಡ ಬೆಳೆಗಾರರು ಮೂರು ಸಂಗತಿಗಳನ್ನು ಪ್ರಯೋಗಶಾಲೆಯವರಲ್ಲಿ ಕೇಳಿ ತಿಳಿದುಕೊಳ್ಳಬಹುದು. ಮೊದಲನೆಯದು, ಯಾವ ಕ್ರಮದಿಂದ ರಂಜಕವನ್ನು ತೆಗೆದರೆಂಬುದು. 1954ರಲ್ಲಿ ಪ್ರಕಟವಾದ ಓಲ್ಸೆನ್ ಕ್ರಮವು ಬಯಲುಸೀಮೆಯ ಸುಣ್ಣದ ಮಣ್ಣುಗಳಿಗೆ ಏರ್ಪಟ್ಟದ್ದಾಗಿದ್ದು, ಅದರ ಅಂಕಿಯನ್ನು ಬ್ರೇ ಕ್ರಮದ ಅಂಕಿಯೊಡನೆ ಹೋಲಿಸಲಾಗದು. ಎರಡನೆಯದು, ಅಂಕಿಯು ರಂಜಕದ್ದೋ ರಂಜಕದ ಪೆಂಟಾಕ್ಸೈಡಿನದ್ದೋ ಎಂಬುದು. ಗೊಬ್ಬರದ ಚೀಲದ ಮೇಲೆ ಬರೆದಿರುವುದು ಎರಡನೆಯದು. 1 ಕಿಲೋಗ್ರಾಂ ರಂಜಕವು 2.29 ಕಿಲೋಗ್ರಾಂ ಪೆಂಟಾಕ್ಸೈಡಿಗೆ ಸಮ. ಮೂರನೆಯದು, ಮಾದರಿಯ ಹೀರಿಕೆಯು ಆ ದಿನದ ಪ್ರಮಾಣರೇಖೆಯ ಕೊನೆಯ ಚುಕ್ಕೆಯೊಳಗೆ ಬಿದ್ದಿತ್ತೇ ಎಂಬುದು. ಹೊರಗೆ ಬಿದ್ದಿದ್ದರೆ, ತಿಳಿಯನ್ನು ತೆಳುಮಾಡಿ ಮತ್ತೆ ಓದಿ ಕೊಡುವಂತೆ ಕೇಳತಕ್ಕದ್ದು.